ಚಳಿ ತಾಳದೆ ಲೈಬ್ರರಿ ಹೊಕ್ಕ ಹುಡುಗ

ಅಮೆರಿಕದ ಮಿನೆಸೋಟ ರಾಜ್ಯದಲ್ಲಿ, ಕೆನಡಾ ಗಡಿಗೆ ಹತ್ತಿರ, ಥೀಫ್ ರಿವರ್ ಫಾಲ್ಸ್ ಎಂಬ ಸಣ್ಣ ಊರಿದೆ. ಚಳಿಗಾಲದಲ್ಲಿ ಅಲ್ಲಿ ಉಷ್ಣಾಂಶ ಸೊನ್ನೆಗಿಂತ ಎಷ್ಟೋ ಕೆಳಗಿಳಿಯುತ್ತದೆ. 1950ರ ದಶಕದ ಆರಂಭದಲ್ಲಿ ಆ ಊರಿನ ಹೆಂಡದಂಗಡಿಗಳಲ್ಲಿ ಒಬ್ಬ ಹುಡುಗ ರಾತ್ರಿ ಹೊತ್ತು ಪತ್ರಿಕೆ ಮಾರುತ್ತಿದ್ದ. ಕುಡಿದವರ ಕೈ ಸ್ವಲ್ಪ ಧಾರಾಳವಾಗುವವರೆಗೆ ಕಾದು, ಆಮೇಲೆ ಒಳಗೆ ಹೋದರೆ ನಾಲ್ಕು ಕಾಸು ಹೆಚ್ಚು ಸಿಗುತ್ತಿತ್ತು. ಹಾಗೆ ಕಾಯುತ್ತಿದ್ದ ಒಂದು ರಾತ್ರಿ ಚಳಿ ತಡೆಯಲಾರದೆ, ದೀಪ ಉರಿಯುತ್ತಿದ್ದ ಸಾರ್ವಜನಿಕ ಗ್ರಂಥಾಲಯದ ಬಾಗಿಲು ತಳ್ಳಿ ಒಳಗೆ ಹೋದ. ಓದುವ ಆಸೆ ಅವನಿಗಿರಲಿಲ್ಲ. ಮೈ ಕಾಯಿಸಿಕೊಂಡರೆ ಸಾಕಾಗಿತ್ತು.

ಅವನ ಹೆಸರು ಗ್ಯಾರಿ ಪಾಲ್ಸನ್. ಆಗ ಹದಿಮೂರು ಹದಿನಾಲ್ಕರ ವಯಸ್ಸು. ಅಪ್ಪ ಸೈನ್ಯದ ಅಧಿಕಾರಿಯಾಗಿದ್ದವರು. ಅಪ್ಪ ಅಮ್ಮ ಇಬ್ಬರೂ ಕುಡಿತಕ್ಕೆ ಬಿದ್ದಿದ್ದರು. ಮನೆಯಲ್ಲಿ ಜಗಳ ಶುರುವಾದರೆ ಹುಡುಗ ಕಟ್ಟಡದ ನೆಲಮಾಳಿಗೆಗೆ ಇಳಿದು, ಬಿಸಿಗಾಳಿ ಕೊಡುವ ಕುಲುಮೆಯ ಪಕ್ಕದ ಹಳೆಯ ಕುರ್ಚಿಯಲ್ಲಿ ಕೂರುತ್ತಿದ್ದ. ಊರಿಂದೂರಿಗೆ ಅಲೆದದ್ದರಿಂದ ಯಾವ ಶಾಲೆಯಲ್ಲೂ ನೆಲೆ ನಿಂತಿರಲಿಲ್ಲ. ಗೆಳೆಯರಿರಲಿಲ್ಲ, ಆಟಗಳಲ್ಲಿ ಯಾರೂ ಸೇರಿಸಿಕೊಳ್ಳುತ್ತಿರಲಿಲ್ಲ. ಮಾತಾಡಿಸಿದರೆ ಮುಖ ತಗ್ಗಿಸುವಷ್ಟು ಸಂಕೋಚ.

ಅಂಥ ಹುಡುಗನನ್ನು ಕಂಡು ಮೇಜಿನ ಹಿಂದಿದ್ದ ಹೆಂಗಸು ಎದ್ದು ಬಂದರು. ಯಾಕೆ ಬಂದೆ ಎಂದು ಕೇಳಲಿಲ್ಲ. ಲೈಬ್ರರಿ ಕಾರ್ಡು ಬೇಕಾ ಎಂದು ಕೇಳಿದರು. ಅವನ ಹೆಸರು ಬರೆದ ಕಾರ್ಡು ಕೈಗಿತ್ತು, ಒಂದು ಪುಸ್ತಕ ಕೊಟ್ಟು ಕಳಿಸಿದರು. ಕಾಲೇಜು, ಪ್ರಶಸ್ತಿ, ಹಣ ಯಾವುದನ್ನೂ ನೋಡಿರದ ಆ ಹುಡುಗನಿಗೆ ತನ್ನ ಹೆಸರಿರುವ ಒಂದು ಕಾಗದ ಸಿಕ್ಕಿದ್ದೇ ಬೆರಗಿನ ಸಂಗತಿಯಾಯಿತು. ತಾನು ಮುಂದೆ ಏನಾದರೂ ಆಗಿದ್ದರೆ ಅದು ಆ ರಾತ್ರಿಯಿಂದ ಎಂದು ಪಾಲ್ಸನ್ ಜೀವನಪೂರ್ತಿ ಹೇಳುತ್ತಾ ಬಂದರು.

ಆ ಮೊದಲ ಪುಸ್ತಕ ಓದಿ ಮುಗಿಸಲು ಅವನಿಗೆ ಒಂದು ತಿಂಗಳಿಗೂ ಹೆಚ್ಚು ಹಿಡಿಯಿತು. ಓದು ಅವನಿಗೆ ಸರಿಯಾಗಿ ಬರುತ್ತಿರಲಿಲ್ಲ. ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತುಹೋಗುತ್ತಿತ್ತು. ಹಿಂದಿರುಗಿಸಿದಾಗ ಗ್ರಂಥಪಾಲಕಿ ಇನ್ನೊಂದು ಕೊಟ್ಟರು. ಅದಕ್ಕೆ ಕಡಿಮೆ ದಿನ ಸಾಕಾಯಿತು. ಮುಂದೆ ವಾರಕ್ಕೊಂದಾಯಿತು, ವಾರಕ್ಕೆರಡಾಯಿತು. ಕೌಬಾಯ್ ಕಥೆ, ವೈಜ್ಞಾನಿಕ ಕಥೆಗಳ ಕಟ್ಟಿನ ನಡುವೆ ಆಗೊಮ್ಮೆ ಈಗೊಮ್ಮೆ ಒಂದು ಗಟ್ಟಿ ಪುಸ್ತಕವನ್ನೂ ಆಕೆ ಸೇರಿಸಿಡುತ್ತಿದ್ದರು. ಒಂದು ದಿನ ನೋಟ್ ಪುಸ್ತಕ ಮತ್ತು ಪೆನ್ಸಿಲ್ ಕೊಟ್ಟು, ಕಂಡದ್ದನ್ನು ಬರೆದಿಡು ಎಂದರು.

ಈ ಪ್ರಸಂಗವನ್ನು ಪವಾಡದ ಕಥೆಯಂತೆ ಹೇಳುವ ರೂಢಿಯಿದೆ. ಪುಸ್ತಕ ತೆರೆದ, ಬದುಕು ಬದಲಾಯಿತು ಎಂಬಂತೆ. ನಿಜವಾಗಿ ನಡೆದದ್ದು ಬೇರೆ. ಪುಸ್ತಕ ಕೈಗೆ ಬಂದ ಮೇಲೂ ಪಾಲ್ಸನ್ ಒಂಬತ್ತನೇ ತರಗತಿಯಲ್ಲಿ ಫೇಲಾದ. 1957ರಲ್ಲಿ ಹೇಗೋ ಏಗಿ ಹೈಸ್ಕೂಲು ಮುಗಿಸಿದ. ಸೈನ್ಯಕ್ಕೆ ಸೇರಿದ, ಎಲೆಕ್ಟ್ರಾನಿಕ್ಸ್ ಕೆಲಸ ಕಲಿತ, ಕ್ಯಾಲಿಫೋರ್ನಿಯಾದಲ್ಲಿ ಒಳ್ಳೆಯ ಸಂಬಳಕ್ಕೆ ದುಡಿದ. ಬರೆಯಬೇಕೆಂಬ ಹಂಬಲ ಹತ್ತಿ ಆ ಕೆಲಸ ಬಿಟ್ಟಾಗ ಇಪ್ಪತ್ತೈದು ದಾಟಿತ್ತು. ಮೊದಲ ಪುಸ್ತಕ ಬಂದದ್ದು 1966ರಲ್ಲಿ. ಆಮೇಲೂ ಬಡತನ ಬಂತು, ಅಪ್ಪನ ಕುಡಿತ ತನಗೂ ಅಂಟಿತು, ಅದರಿಂದ ಹೊರಬಂದದ್ದು 1970ರ ದಶಕದಲ್ಲಿ. ಹೆಸರು ತಂದ ‘ಹ್ಯಾಚೆಟ್’ ಕಾದಂಬರಿ ಬರುವ ಹೊತ್ತಿಗೆ ಆ ಚಳಿಯ ರಾತ್ರಿಗೆ ಮೂವತ್ತು ವರ್ಷ ಮೀರಿತ್ತು. ಸಣ್ಣ ವಿಮಾನ ಬಿದ್ದು ಕೆನಡಾದ ಕಾಡಿನಲ್ಲಿ ಒಬ್ಬಂಟಿಯಾದ ಹದಿಮೂರರ ಹುಡುಗ ಒಂದು ಕೈಗೊಡಲಿಯ ಆಸರೆಯಲ್ಲಿ 54 ದಿನ ಬದುಕುಳಿಯುವ ಕಥೆ ಅದು. ಪುಸ್ತಕವೆಂದರೆ ದೂರ ಓಡುವ ಎಷ್ಟೋ ಹುಡುಗರು ಅದನ್ನು ಓದಿದರು. 2021ರಲ್ಲಿ ತೀರಿಕೊಳ್ಳುವ ಮೊದಲು ಪಾಲ್ಸನ್ ಇನ್ನೂರಕ್ಕೂ ಹೆಚ್ಚು ಪುಸ್ತಕ ಬರೆದಿದ್ದರು. ಅದೇ ವರ್ಷ ಬಂದ ತಮ್ಮ ಬಾಲ್ಯದ ನೆನಪುಗಳಲ್ಲಿ ಅವರು ‘ನಾನು’ ಎಂದು ಬರೆಯಲಿಲ್ಲ, ಉದ್ದಕ್ಕೂ ‘ಆ ಹುಡುಗ’ ಎಂದೇ ಬರೆದರು.

ಇಡೀ ಪ್ರಸಂಗದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಪುಸ್ತಕವಲ್ಲ, ಅದನ್ನು ಕೊಟ್ಟ ರೀತಿ. ಆ ಗ್ರಂಥಪಾಲಕಿ ಎದ್ದು ಬರದಿದ್ದರೆ ಏನಾಗುತ್ತಿತ್ತು? ಸಂಕೋಚದ ಹುಡುಗ ಮೇಜಿನ ಬಳಿ ಹೋಗಿ ‘ನನಗೊಂದು ಪುಸ್ತಕ ಕೊಡಿ’ ಎಂದು ಖಂಡಿತ ಕೇಳುತ್ತಿರಲಿಲ್ಲ. ಮೈ ಬಿಸಿಯಾದ ಮೇಲೆ ಹೊರಟುಹೋಗುತ್ತಿದ್ದ. ಆಕೆ ಎದ್ದು ಬಂದರು, ಮೊದಲು ಕಾರ್ಡು ಕೊಟ್ಟು ಇಲ್ಲಿ ನಿನಗೂ ಹಕ್ಕಿದೆ ಎಂದು ತೋರಿಸಿದರು, ಆಮೇಲೆ ಪುಸ್ತಕ ಕೊಟ್ಟರು. ಒಂದು ತಿಂಗಳು ಹಿಡಿದರೂ ಕಾದರು. ಇದು ಒಳ್ಳೆಯ ಮನಸ್ಸಿನಿಂದ ಬಂದದ್ದು ನಿಜ. ಜೊತೆಗೆ ಇದು ಕಲಿಯಬಹುದಾದ, ಕಲಿಸಬಹುದಾದ ವೃತ್ತಿಯೂ ಹೌದು.

ಅದನ್ನು ಕಲಿಸಿದವರಲ್ಲಿ ಬಾಲ್ಟಿಮೋರ್ ನಗರದ ಗ್ರಂಥಪಾಲಕಿ ಮಾರ್ಗರೆಟ್ ಎಡ್ವರ್ಡ್ಸ್ ಒಬ್ಬರು. ಹದಿಹರೆಯದವರಿಗೆ ಪುಸ್ತಕ ಸೂಚಿಸುವ ಸಹಾಯಕರನ್ನು ತಯಾರು ಮಾಡುವಾಗ ಅವರ ಮುಖ್ಯ ಷರತ್ತು, ಮೊದಲು ನೀವು ಓದಿ ಎಂಬುದು. ಹೊಸಬರು ನೂರಾರು ಪುಸ್ತಕಗಳ ಪಟ್ಟಿಯನ್ನು ಕಂತು ಕಂತಾಗಿ ಓದಿ, ಪ್ರತಿಯೊಂದರ ಬಗ್ಗೆಯೂ ಅವರೊಡನೆ ಮಾತಾಡಬೇಕಿತ್ತು. ತಾನು ಓದದ ಪುಸ್ತಕವನ್ನು ಇನ್ನೊಬ್ಬರಿಗೆ ಕೊಡುವವರ ದನಿಯಲ್ಲೇ ಅದು ಗೊತ್ತಾಗುತ್ತದೆ, ಮಕ್ಕಳಿಗಂತೂ ತಕ್ಷಣ ಗೊತ್ತಾಗುತ್ತದೆ. ಲೈಬ್ರರಿಗೆ ಬಾರದ ಬಡಾವಣೆಗಳಿಗೆ ಎಡ್ವರ್ಡ್ಸ್ ಕುದುರೆಗಾಡಿಯಲ್ಲಿ ಪುಸ್ತಕ ಒಯ್ದದ್ದೂ ಉಂಟು. ಅಮೆರಿಕದ ಗ್ರಂಥಾಲಯ ಸಂಘ ಹದಿಹರೆಯದವರ ಸಾಹಿತ್ಯಕ್ಕೆ ಅವರ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತದೆ. 1997ರಲ್ಲಿ ಅದು ಬಂದದ್ದು ಗ್ಯಾರಿ ಪಾಲ್ಸನ್‌ಗೆ.

ಸರಿ, ಯಾವ ಪುಸ್ತಕ ಕೊಡಬೇಕು? ಸಾಮಾನ್ಯವಾಗಿ ನಾವು ವಿಷಯ ನೋಡುತ್ತೇವೆ. ಹುಡುಗನಿಗೆ ಕ್ರಿಕೆಟ್ ಇಷ್ಟವೇ, ಹಾಗಾದರೆ ಕ್ರಿಕೆಟ್ ಪುಸ್ತಕ. ಅಮೆರಿಕದ ಗ್ರಂಥಪಾಲಕಿ ಜಾಯ್ಸ್ ಸಾರಿಕ್ಸ್ 1989ರಲ್ಲಿ ಸಹೋದ್ಯೋಗಿಯೊಂದಿಗೆ ಬರೆದ ಕೈಪಿಡಿಯಲ್ಲಿ ಬೇರೆ ದಾರಿ ತೋರಿಸಿದರು. ಓದುಗನನ್ನು ಹಿಡಿದಿಡುವುದು ವಿಷಯಕ್ಕಿಂತ ಹೆಚ್ಚಾಗಿ ಕಥೆಯ ವೇಗ, ಅದರ ಮನುಷ್ಯರು, ಕಥೆ ಸಾಗುವ ಬಗೆ ಮತ್ತು ಅದು ನಡೆಯುವ ಲೋಕ. ಆದ್ದರಿಂದ ‘ನಿನಗೆ ಏನಿಷ್ಟ’ ಎಂದು ಕೇಳುವ ಬದಲು ‘ನಿನಗೆ ಹಿಡಿಸಿದ ಒಂದು ಕಥೆ ಹೇಳು’ ಎಂದು ಕೇಳಬೇಕು. ಪುಸ್ತಕವನ್ನೇ ಓದಿರದ ಹುಡುಗನಾದರೆ ಸಿನಿಮಾದ ಕಥೆಯಾದರೂ ಆದೀತು. ಅವನು ಹೇಳುವಾಗ ಯಾವುದರ ಮೇಲೆ ನಿಲ್ಲುತ್ತಾನೆ ಎಂದು ಗಮನಿಸಬೇಕು.

ನಮ್ಮದೇ ಕಪಾಟಿನಿಂದ ಒಂದು ಉದಾಹರಣೆ ನೋಡೋಣ. ಕಾಡು ಇಷ್ಟ ಎನ್ನುವ ಹುಡುಗನಿಗೆ ಪೂರ್ಣಚಂದ್ರ ತೇಜಸ್ವಿಯವರನ್ನು ಕೊಡಬೇಕೆಂದು ಯಾರಿಗಾದರೂ ಹೊಳೆಯುತ್ತದೆ. ತೇಜಸ್ವಿಯವರ ಯಾವ ಪುಸ್ತಕ ಎಂಬುದೇ ಪ್ರಶ್ನೆ. ಆ ಹುಡುಗ ಸಿನಿಮಾ ಹೇಳುವಾಗ ಬೆನ್ನಟ್ಟುವ ದೃಶ್ಯವನ್ನೇ ಹೇಳಿದರೆ, ಕೆನೆತ್ ಆಂಡರ್ಸನ್ನರ ಬೇಟೆಯ ಅನುಭವಗಳನ್ನು ತೇಜಸ್ವಿ ಕನ್ನಡಕ್ಕೆ ತಂದ ‘ಕಾಡಿನ ಕತೆಗಳು’ ಅವನಿಗೆ ಸರಿ. ನರಭಕ್ಷಕ ಹುಲಿ ಎಲ್ಲಿ ಕಾದಿದೆಯೋ ಎಂಬ ಆತಂಕವೇ ಪುಟ ತಿರುಗಿಸುತ್ತದೆ, ಒಂದೊಂದು ಕಥೆ ಒಂದೊಂದು ಸಂಜೆಗೆ ಮುಗಿಯುತ್ತದೆ. ಅವನು ನಾಯಿಯ ಬಗ್ಗೆ, ತಮಾಷೆಯ ಮನುಷ್ಯರ ಬಗ್ಗೆ ಹೇಳಿದರೆ ‘ಪರಿಸರದ ಕತೆ’ ಕೊಡಬೇಕು. ‘ಕರ್ವಾಲೊ’ ಇವೆಲ್ಲಕ್ಕಿಂತ ದೊಡ್ಡ ಕೃತಿ, ಒಪ್ಪುತ್ತೇನೆ. ಆದರೆ ಹಾರುವ ಓತಿಯ ಹುಡುಕಾಟ ಅಲ್ಲಿ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ತಡವರಿಸಿ ಓದುವ ಹುಡುಗನಿಗೆ ಅದನ್ನೇ ಮೊದಲು ಕೊಟ್ಟರೆ ಹತ್ತು ಪುಟಕ್ಕೆ ಕೈಬಿಟ್ಟಾನು. ಅದು ಮೂರನೆಯದೋ ನಾಲ್ಕನೆಯದೋ ಆಗಿ ಬರಲಿ. ಮಿನೆಸೋಟದ ಗ್ರಂಥಪಾಲಕಿ ಕೌಬಾಯ್ ಕಥೆಗಳ ನಡುವೆ ಗಟ್ಟಿ ಪುಸ್ತಕ ಇಟ್ಟದ್ದು ಈ ಲೆಕ್ಕದಲ್ಲೇ.

ಪುಸ್ತಕ ತಪ್ಪಾಗಿ ಬಿದ್ದಿದೆ ಎಂದು ತಿಳಿಯುವುದು ಕಷ್ಟವಲ್ಲ. ಮಗು ಬೇಗನೆ ತಂದುಕೊಟ್ಟು ‘ಚೆನ್ನಾಗಿತ್ತು’ ಎಂದಷ್ಟೇ ಹೇಳಿ ನೆಲ ನೋಡಿದರೆ ಅದು ಓದಿಲ್ಲ. ಆಗ ‘ಕಥೆ ಏನು, ನೀತಿ ಏನು’ ಎಂದು ಪರೀಕ್ಷೆ ಮಾಡಿದರೆ ಅದು ಮತ್ತೆ ಬರುವುದಿಲ್ಲ. ‘ಇದು ನಿನಗೆ ಹಿಡಿಸಲಿಲ್ಲ ಅನ್ನಿಸುತ್ತೆ, ಪರವಾಗಿಲ್ಲ, ಎಲ್ಲಿಗೆ ಬಿಟ್ಟೆ?’ ಎಂದು ಕೇಳಿದರೆ ಮುಂದಿನ ಪುಸ್ತಕದ ದಾರಿ ಅಲ್ಲೇ ಸಿಗುತ್ತದೆ. ನಿಂತುಹೋದ ಪುಟವೇ ಒಳ್ಳೆಯ ಸುಳಿವು.

ನಮ್ಮಲ್ಲಿ ಈ ವಿದ್ಯೆ ಹೊಸದೇನಲ್ಲ. ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಎಸ್.ಆರ್. ರಂಗನಾಥನ್ 1931ರಲ್ಲೇ ಪುಸ್ತಕವಾಗಿ ಪ್ರಕಟಿಸಿದ್ದರು. ಪ್ರತಿ ಓದುಗನಿಗೂ ಅವನ ಪುಸ್ತಕ, ಪ್ರತಿ ಪುಸ್ತಕಕ್ಕೂ ಅದರ ಓದುಗ ಎಂಬುವು ಅವುಗಳಲ್ಲಿ ಎರಡು. ಓದುಗ ತಾನೇ ಕಪಾಟಿನ ಬಳಿ ಹೋಗಿ ಪುಸ್ತಕ ಮುಟ್ಟಿ ನೋಡಬೇಕು, ಸಿಬ್ಬಂದಿ ಅವನ ಪಕ್ಕದಲ್ಲಿ ನಿಂತು ನೆರವಾಗಬೇಕು ಎಂದು ಅವರು ಪಟ್ಟು ಹಿಡಿದು ವಾದಿಸಿದರು. ಕೊನೆಯ ವರ್ಷಗಳನ್ನು ಅವರು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅಲ್ಲೇ ಅವರು ಕಟ್ಟಿದ ತರಬೇತಿ ಕೇಂದ್ರ ಇಂದಿಗೂ ಗ್ರಂಥಪಾಲಕರನ್ನು ತಯಾರು ಮಾಡುತ್ತಿದೆ.

ಹಾಗಿದ್ದೂ ನಮ್ಮ ಎಷ್ಟೋ ಲೈಬ್ರರಿಗಳಲ್ಲಿ ಮಕ್ಕಳ ಪುಸ್ತಕಗಳು ಬೀಗ ಹಾಕಿದ ಬೀರುವಿನೊಳಗಿವೆ. ಹೊರಗೆ ಸಿಗುವುದು ದಿನಪತ್ರಿಕೆ, ಸ್ಪರ್ಧಾತ್ಮಕ ಪರೀಕ್ಷೆಯ ಗೈಡು. ಸಿಬ್ಬಂದಿಯನ್ನು ದೂರಿ ಪ್ರಯೋಜನವಿಲ್ಲ. ಪುಸ್ತಕ ಕಳೆದರೆ ಕೈಯಿಂದ ಕಟ್ಟಬೇಕಾದೀತು ಎಂಬ ಭಯ ಅವರದು. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳು ಈ ಭಯವನ್ನು ಅರ್ಥ ಮಾಡಿಕೊಂಡಿವೆ. ವರ್ಷಕ್ಕೆ ಓದಲು ಕೊಟ್ಟ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ, ಅಪ್ರಾಮಾಣಿಕತೆಯಾಗಲಿ ನಿರ್ಲಕ್ಷ್ಯವಾಗಲಿ ಇಲ್ಲದಿದ್ದರೆ, ಅದು ಸಹಜ ನಷ್ಟ ಎಂದು ಅವು ಒಪ್ಪುತ್ತವೆ. ಪುಸ್ತಕ ಓಡಾಡಿದಷ್ಟೂ ಈ ರಿಯಾಯಿತಿ ದೊಡ್ಡದಾಗುತ್ತದೆ. ಬೀರುವಿನಲ್ಲೇ ಇಟ್ಟವರಿಗೆ ಅದು ಸಿಗುವುದಿಲ್ಲ. ಇಂಥ ಸ್ಪಷ್ಟ ಭರವಸೆ ಊರೂರಿನ ಮೇಲ್ವಿಚಾರಕರಿಗೂ ತಲುಪಿದರೆ ಎಷ್ಟೋ ಬೀಗಗಳು ತೆರೆದಾವು.

ಕರ್ನಾಟಕದ ಗ್ರಾಮೀಣ ಗ್ರಂಥಾಲಯಗಳು 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಇಂದು ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ನಡೆಯುವ ಇವು 5 ಸಾವಿರಕ್ಕೂ ಹೆಚ್ಚಿವೆ. ನಿಮ್ಮ ಊರಿನಲ್ಲೂ ಒಂದಿರಬಹುದು. ಮನೆಯಲ್ಲಿ ಮಾತು ಕಡಿಮೆಯ ಮಗುವಿದ್ದರೆ ಒಂದು ಸಂಜೆ ಕರೆದುಕೊಂಡು ಹೋಗಿ, ಅದರ ಹೆಸರಿನಲ್ಲೇ ಸದಸ್ಯತ್ವ ಮಾಡಿಸಿ. ಬೀರು ಮುಚ್ಚಿದ್ದರೆ ತೆರೆಯಲು ವಿನಯದಿಂದ ಕೇಳಿ. ಪುಸ್ತಕವನ್ನು ನೀವು ಆರಿಸಬೇಡಿ. ಮೇಲ್ವಿಚಾರಕರೂ ಮಗುವೂ ಮಾತಾಡಿಕೊಳ್ಳಲಿ. ಮೊದಲ ಪುಸ್ತಕಕ್ಕೆ ತಿಂಗಳು ಹಿಡಿದರೆ ಹಿಡಿಯಲಿ, ಯಾವಾಗ ಮುಗಿಸುತ್ತೀಯ ಎಂದು ದಯವಿಟ್ಟು ಕೇಳಬೇಡಿ.