ಗೊಂಬೆ ಮುಖ ತೆಗೆದರೆ ಮಾತು ಒಣಗಬೇಕೇ?

ಕಾಫಿ ಕೊಯ್ಲಿನ ಸಮಯದಲ್ಲಿ ಅಕಾಲ ಮಳೆ ಬಂದರೆ ಏನಾಗುತ್ತೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಳಸದಲ್ಲಿರೋ ನನ್ನ ಅತ್ತಿಗೆ ಒಂದು ಸಂಜೆ ವಾಟ್ಸಾಪಿನಲ್ಲಿ ಬರೆದಿದ್ದರು: ‘ಕಣದಲ್ಲಿ ಹರವಿದ್ದ ಕಾಫಿ ಎಲ್ಲಾ ನೆನೆದುಹೋಯ್ತು.’ ಒಲೆ ಮುಂದೆ ನಿಂತಿದ್ದ ನಾನು ಅವಸರದಲ್ಲಿ ‘ಅಯ್ಯೋ, ಟಿಸಿ’ ಅಂತ ಒತ್ತಿ, ಪಕ್ಕದಲ್ಲಿ ಅಳುವ ಮುಖ ಹಾಕಿದೆ. ಅದು ಅಳುವ ಮುಖ ಅಲ್ಲ, ನಕ್ಕು ನಕ್ಕು ಕಣ್ಣೀರು ಸುರಿಸುವ ಮುಖ! ಎರಡು ದಿನ ಅವರಿಂದ ಉತ್ತರವೇ ಇಲ್ಲ. ಆಮೇಲೆ ಫೋನಿನಲ್ಲಿ, ‘ನಗೋದು ಹೋಗ್ಲಿ, ಟಿ.ಸಿ. ಅಂದ್ರೆ ಸ್ಕೂಲಲ್ಲಿ ಕೊಡೋದಲ್ವಾ?’ ಅಂದರು. ‘ಟೇಕ್ ಕೇರ್’ ಅಂತ ಬಿಡಿಸಿ ಹೇಳುವಾಗ ನನಗೇ ನಾಚಿಕೆಯಾಯ್ತು.

ಸರಿ, ಗೊಂಬೆ ಬೇಡ, ತುಂಡಕ್ಷರವೂ ಬೇಡ ಅಂದುಕೊಂಡಿರಾ? ಆಗ ನಮ್ಮ ಕೈ ನೇರ ಪುಸ್ತಕದ ಕನ್ನಡಕ್ಕೆ ಹೋಗಿಬಿಡುತ್ತೆ: ‘ವಿಷಯ ತಿಳಿದು ಬೇಸರವಾಯಿತು. ಜಾಗ್ರತೆಯಿಂದಿರಿ.’ ತಪ್ಪೇನಿಲ್ಲ, ಆದರೆ ಬ್ಯಾಂಕಿನಿಂದ ಬಂದ ಹಾಗಿದೆ. ಗೊಂಬೆ ಮುಖ ಮಾಡುತ್ತಿದ್ದದ್ದು ದನಿಯ ಕೆಲಸ. ಅದನ್ನು ತೆಗೆದಾಗ ಆ ಕೆಲಸವನ್ನು ಮಾತಿಗೇ ಕೊಡಬೇಕು. ನಾನು ಬರೆಯಬೇಕಿದ್ದದ್ದು ಹೀಗೆ:

‘ಅಯ್ಯೋ ಅತ್ತಿಗೆ, ಈಗ ತಾನೇ ನೋಡಿದೆ. ಟಾರ್ಪಾಲು ಎಳೆಯೋಕೂ ಯಾರೂ ಇರಲಿಲ್ವಾ? ರಾತ್ರಿ ಊಟ ಆದ್ಮೇಲೆ ಫೋನ್ ಮಾಡ್ತೀನಿ.’

ನೋಡಿ, ಮೊದಲು ಸಂಬಂಧದ ಹೆಸರು ಬಂತು. ಆಮೇಲೆ ಅವರ ಕಣದ ಬಗ್ಗೆಯೇ ಒಂದು ಪ್ರಶ್ನೆ. ಓದಿದ್ದೀನಿ ಅಂತ ತೋರಿಸೋಕೆ ಅದಕ್ಕಿಂತ ಬೇರೆ ಬೇಕಾ? ‘ಇರಲಿಲ್ವಾ’, ‘ಮಾಡ್ತೀನಿ’ ಅಂತ ಆಡೋ ಹಾಗೇ ಬರೆದದ್ದರಿಂದ ಬಿಗಿಯೂ ಇಲ್ಲ. ಬರೀ ‘ಸರಿ’ ಅಂದರೆ ಬಾಗಿಲು ಹಾಕಿದ ಹಾಗೆ. ‘ಸರಿ ಅತ್ತಿಗೆ’ ಅಂದರೆ ಆ ಒಂದು ಪದಕ್ಕೇ ಮುಖ ಬರುತ್ತೆ.

ಒಂದು ಎಚ್ಚರಿಕೆ. ‘ಕಣೇ’, ‘ಮಾರಾಯ್ತಿ’ ಗೆಳತಿಗೆ, ತಂಗಿಗೆ ಚೆಂದ. ಮಗಳ ಟೀಚರ್‌ಗೆ ಅಲ್ಲ. ಹಾಗಂತ ಅವರಿಗೆ ಸಾಲಿಗೊಂದು ‘ದಯವಿಟ್ಟು’ ಹಾಕಿದರೂ ಅರ್ಜಿಯಂತಾಗುತ್ತೆ. ನಮ್ಮ ಮಾತಲ್ಲಿ ವಿನಯ ಇರೋದು ಕ್ರಿಯಾಪದದ ಕೊನೆಯಲ್ಲಿ. ‘ಹೋಮ್‌ವರ್ಕ್ ಕಳುಹಿಸಿ’ ಅನ್ನುವ ಬದಲು ‘ಮೇಡಂ, ಇವಳಿಗೆ ಜ್ವರ ಇತ್ತು. ನಿನ್ನೆಯ ಹೋಮ್‌ವರ್ಕ್ ಸ್ವಲ್ಪ ಕಳಿಸ್ತೀರಾ?’ ಅಂದರೆ ಸಾಕು. ‘ಸ್ವಲ್ಪ’ ಅಂದರೆ ಅರ್ಧ ಹೋಮ್‌ವರ್ಕ್ ಅಂತ ಯಾರೂ ತಿಳಿಯೋದಿಲ್ಲ ಬಿಡಿ!

ಇನ್ನು ಮೂಡಿಗೆರೆ, ಕಳಸದ ತೋಟದ ಮನೆಗಳಿಗೆ ಬರೆಯುವಾಗ ‘ನಾಳೆ ಬರ್ತೀವಿ’ ಅನ್ನಬೇಡಿ. ಮಳೆಗೆ ಕರೆಂಟೂ ಹೋಗಿ ನೆಟ್‌ವರ್ಕೂ ಹೋದರೆ, ಶುಕ್ರವಾರ ಕಳಿಸಿದ್ದು ಶನಿವಾರ ಮುಟ್ಟುತ್ತೆ. ಅತ್ತಿಗೆಗೆ ನಾನೀಗ ಬರೆಯೋದು ಹೀಗೆ: ‘ಅತ್ತಿಗೆ, ಶನಿವಾರ ಮಧ್ಯಾಹ್ನಕ್ಕೆ ನಾವು ನಾಲ್ಕು ಜನ ಬರೋಣ ಅಂತಿದ್ದೀವಿ, ನಿಮಗೆ ಅನುಕೂಲ ಆಗುತ್ತಾ?’ ಮೊನ್ನೆ ಅವರ ಉತ್ತರ ಬಂತು: ‘ಬನ್ನಿ ಬನ್ನಿ, ಕಡುಬು ಮಾಡ್ತೀನಿ.’ ಜೊತೆಗೆ ಮೂರು ನಗುವ ಮುಖ. ಅವರು ಕಲಿತುಬಿಟ್ಟಿದ್ದಾರೆ!