ಸಂಬಳ ಕೇಳುವ ಮುನ್ನ ಸಿಟಿಸಿ ಬಿಡಿಸಿ ನೋಡಿ

ಅಪ್ರೈಸಲ್ ಪತ್ರ ಕೈಗೆ ಬಂದ ಮೇಲೆ ಸಂಬಳದ ಮಾತೆತ್ತಿದರೆ ತಡವಾಯಿತು. ಅಷ್ಟರಲ್ಲಿ ಬಜೆಟ್ ಹಂಚಿಕೆ ಮುಗಿದಿರುತ್ತದೆ. ಏಪ್ರಿಲ್‌ನಲ್ಲಿ ಸಂಬಳ ಏರಿಸುವ ಕಂಪನಿಯಾದರೆ ಜನವರಿಯೊಳಗೇ ಕೇಳುವುದು ಮೇಲು.

ಬೆಂಗಳೂರಿನ ಒಬ್ಬ ಟೆಸ್ಟಿಂಗ್ ಎಂಜಿನಿಯರ್ ಎಂದುಕೊಳ್ಳಿ. ಅವರ ಸಿಟಿಸಿ 12 ಲಕ್ಷ. ಅಷ್ಟೇ ಅನುಭವಕ್ಕೆ ಬೇರೆಡೆ 15 ಲಕ್ಷ ಎಂಬ ಜಾಹೀರಾತು ಕಣ್ಣಿಗೆ ಬಿದ್ದಿದೆ. ಆದರೆ ಆ 15ರಲ್ಲಿ ವೇರಿಯಬಲ್ 2 ಲಕ್ಷ, ಕಂಪನಿ ಪಾಲಿನ ಪಿಎಫ್ ಮತ್ತು ಗ್ರಾಚ್ಯುಟಿ 1 ಲಕ್ಷ ಸೇರಿದ್ದರೆ ಖಚಿತ ಸಂಬಳ 12 ಲಕ್ಷ ಮಾತ್ರ. ಇವರ ಖಚಿತ ಸಂಬಳ 10.8 ಲಕ್ಷವಿದ್ದರೆ ನಿಜವಾದ ಅಂತರ ಮೂರಲ್ಲ, 1.2 ಲಕ್ಷ. ಮೂರು ಲಕ್ಷ ಕೇಳಿದರೆ ಎಚ್‌ಆರ್ ಒಂದೇ ನಿಮಿಷದಲ್ಲಿ ತಳ್ಳಿಹಾಕುತ್ತಾರೆ.

ಸಾಧನೆಯ ಮಾತೂ ಅಷ್ಟೆ. ‘ತುಂಬಾ ದುಡಿದಿದ್ದೇನೆ ಸರ್’ ಎಂದರೆ ಸಾಲದು. ‘ಮೂರು ದಿನ ಹಿಡಿಯುತ್ತಿದ್ದ ಪರೀಕ್ಷೆ ಈಗ ಆರು ಗಂಟೆಯಲ್ಲಿ ಮುಗಿಯುತ್ತಿದೆ’ ಎಂದರೆ ಮ್ಯಾನೇಜರ್ ಅದನ್ನು ಹಾಗೆಯೇ ಮೇಲಿನವರ ಮುಂದಿಡಬಹುದು.