ಸಿಬ್ಬಂದಿ ನಮಗೆ ಕೊಟ್ಟ ಅಂಕಗಳು



ಪ್ರತಿ ವರ್ಷ ಈ ಪುಟದಲ್ಲಿ ಮಕ್ಕಳು ಪಡೆದ ಅಂಕಗಳನ್ನು ಬರೆಯುತ್ತೇವೆ. ಈ ಸಲ ನಮಗೆ ಬಂದ ಅಂಕಗಳನ್ನು ಬರೆಯಬೇಕಾಗಿದೆ. ಹೊಸಪೇಟೆ ಕಚೇರಿ ಮತ್ತು ಹಂಪಿ, ಸಂಡೂರು, ಕಂಪ್ಲಿ ಕೇಂದ್ರಗಳು ಸೇರಿ ನಮ್ಮಲ್ಲಿ 21 ಜನ ಕೆಲಸ ಮಾಡುತ್ತಾರೆ. ಕೆಲಸದ ಬಗ್ಗೆ ಅವರಿಗೆ ಏನನ್ನಿಸುತ್ತದೆ ಎಂದು 12 ಪ್ರಶ್ನೆಗಳ ಒಂದು ಹಾಳೆ ಕೊಟ್ಟು ಕೇಳಿದೆವು. 1 ಎಂದರೆ ಸ್ವಲ್ಪವೂ ಒಪ್ಪುವುದಿಲ್ಲ, 5 ಎಂದರೆ ಪೂರ್ತಿ ಒಪ್ಪುತ್ತೇನೆ. ಹೆಸರು ಬರೆಯುವಂತಿರಲಿಲ್ಲ. 19 ಹಾಳೆಗಳು ವಾಪಸ್ ಬಂದವು.

ಇದಕ್ಕೆ ಕಾರಣವಾದದ್ದು ಕಂಪ್ಲಿಯಲ್ಲಿ ನಡೆದ ಒಂದು ಸಂಗತಿ. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ನಾವು ನೆರವಾಗುವ ಮಕ್ಕಳಲ್ಲಿ ಆರು ಮಂದಿಗೆ ಹಣ ತಡವಾಗಿ ಬಂತು. ಆ ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಮಾತ್ರ ಬರುತ್ತದೆ. ಪಾಸ್‌ಬುಕ್‌ನಲ್ಲಿ ಹೆಸರು, ನಂಬರ್ ಎಲ್ಲಾ ಸರಿಯಿದ್ದರೂ ಜೋಡಣೆ ಆಗಿರದಿದ್ದರೆ ಹಣ ಬರುವುದಿಲ್ಲ. ಈ ಆರು ಖಾತೆಗಳಿಗೆ ಜೋಡಣೆ ಆಗಿಲ್ಲ ಎಂಬುದು ನಮ್ಮ ಕೇಂದ್ರದ ಒಬ್ಬರಿಗೆ ಮೊದಲೇ ಗೊತ್ತಿತ್ತು. ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, "ಹೋದ ಸಲ ಬೇರೆ ವಿಷಯ ಹೇಳಿದ್ದೆ, ಸರ್. ಯಾರೂ ಉತ್ತರ ಕೊಡಲಿಲ್ಲ" ಎಂದರು. ಅದು ನಿಜ. ಎರಡು ವರ್ಷದ ಹಿಂದೆಯೂ ಇಂಥದೇ ಸಮೀಕ್ಷೆ ಮಾಡಿದ್ದೆವು. ಹಾಳೆಗಳನ್ನು ಕಟ್ಟಿ ಬೀರುವಿನಲ್ಲಿಟ್ಟೆವು, ಅಷ್ಟೇ.

ಆದ್ದರಿಂದ ಈ ಸಲ ಅತಿ ಕಡಿಮೆ ಅಂಕ ಬಂದದ್ದು ಸಂಬಳದ ಪ್ರಶ್ನೆಗಲ್ಲ. "ಈ ಸಮೀಕ್ಷೆಯ ನಂತರ ಏನಾದರೂ ಬದಲಾಗುತ್ತದೆ ಎಂದು ನಂಬುತ್ತೇನೆ" ಎಂಬ ಸಾಲಿಗೆ. 19 ಜನರಲ್ಲಿ 5 ಜನ ಮಾತ್ರ ಒಪ್ಪಿದ್ದರು. ಬ್ರಿಟನ್ನಿನಲ್ಲಿ 2009ರಿಂದ ಸರ್ಕಾರಿ ನೌಕರರನ್ನು ಪ್ರತಿ ವರ್ಷ ಹೀಗೆ ಕೇಳುತ್ತಾರೆ. ಹಿಂದಿನ ಸಮೀಕ್ಷೆಯ ಮೇಲೆ ಕ್ರಮ ಆಗಿದೆಯೇ ಎಂಬುದನ್ನೂ ಅಲ್ಲಿ ಕೇಳಿದ್ದಾರೆ. ಆ ಪ್ರಶ್ನೆಯನ್ನು ಬಿಟ್ಟು ಉಳಿದದ್ದನ್ನು ಮಾತ್ರ ಕೇಳಿದ್ದರೆ ನಮ್ಮ ಮುಖ್ಯ ದೋಷವೇ ನಮಗೆ ಕಾಣುತ್ತಿರಲಿಲ್ಲ.

ಫಲಿತಾಂಶವನ್ನು ಸಿಬ್ಬಂದಿಯ ಮುಂದೆ ಹೇಗೆ ಇಡುವುದು ಎಂಬ ಚರ್ಚೆಯಲ್ಲಿ ಮೊದಲು ಬಂದ ಸಲಹೆ, ಎಲ್ಲಾ ಪ್ರಶ್ನೆಗಳ ಸರಾಸರಿ ಹೇಳಿಬಿಡೋಣ ಎಂಬುದು. ಅದನ್ನು ಕೈಬಿಟ್ಟೆವು. "ತಪ್ಪಾಗುತ್ತಿದ್ದರೆ ಹೆದರದೆ ಹೇಳಬಲ್ಲೆ" ಎಂಬ ಸಾಲನ್ನೇ ನೋಡಿ. ಅದರ ಸರಾಸರಿ 2.9. ಕೇಳಿದರೆ, ಏನೋ ಮಧ್ಯಮ, ಪರವಾಗಿಲ್ಲ ಅನ್ನಿಸುತ್ತದೆ. ಎಣಿಸಿದಾಗ ಕಂಡದ್ದು ಬೇರೆ: 8 ಜನ 4 ಅಥವಾ 5 ಕೊಟ್ಟಿದ್ದರು, 9 ಜನ 1 ಅಥವಾ 2 ಕೊಟ್ಟಿದ್ದರು, ನಡುವೆ ಇದ್ದವರು ಇಬ್ಬರೇ. ಅಂದರೆ ಅರ್ಧ ಜನಕ್ಕೆ ಧೈರ್ಯವಿದೆ, ಇನ್ನರ್ಧ ಜನ ಬಾಯಿ ಮುಚ್ಚಿಕೊಂಡಿದ್ದಾರೆ. ಇದನ್ನು ಮರೆಮಾಡದೆ ಎಷ್ಟು ಜನ ಎಷ್ಟು ಕೊಟ್ಟರು ಎಂದೇ ಓದಿ ಹೇಳಿದೆವು.

ಇನ್ನೊಂದು ತೊಡಕು, ಯಾರು ಬರೆದರೆಂದು ಗೊತ್ತಾಗಿಬಿಡುವುದು. ಸಂಡೂರಿನಲ್ಲಿ ಇರುವುದೇ ಮೂವರು. "ಸಂಡೂರಿನ ಅಂಕ ಇಷ್ಟು" ಎಂದರೆ ಬೆರಳು ತೋರಿಸಿದಂತೆಯೇ. ಬ್ರಿಟನ್ನಿನ ಸಮೀಕ್ಷೆಯಲ್ಲಿ 10ಕ್ಕಿಂತ ಕಡಿಮೆ ಉತ್ತರ ಬಂದ ತಂಡದ ಫಲಿತಾಂಶವನ್ನು ಪ್ರತ್ಯೇಕವಾಗಿ ಕೊಡುವುದಿಲ್ಲ. ನಾವು ಸಣ್ಣವರು, ಆ ಅಳತೆ ನಮಗೆ ಹೊಂದುವುದಿಲ್ಲ. ಹಾಗಾಗಿ ಹೊಸಪೇಟೆ ಕಚೇರಿ ಒಂದು ಗುಂಪು, ಹೊರಗಿನ ಮೂರೂ ಕೇಂದ್ರ ಸೇರಿ ಇನ್ನೊಂದು ಗುಂಪು ಎಂದು ಎರಡೇ ಮಾಡಿದೆವು. ಮೂರು ಗುಂಪು ಮಾಡಿದ್ದರೆ ಒಟ್ಟು ಮೊತ್ತದಿಂದ ಎರಡನ್ನು ಕಳೆದು ಮೂರನೆಯದನ್ನು ಯಾರಾದರೂ ಲೆಕ್ಕ ಹಾಕಬಹುದಿತ್ತು. ಕೈಬರಹವೂ ಗುರುತು ಹಿಡಿಸುತ್ತದೆ. ಉರ್ದುವಿನಲ್ಲಿ ಬರೆದವರು ಇಬ್ಬರೇ ಇದ್ದರು. ಆದ್ದರಿಂದ ಬರಹದ ಅಭಿಪ್ರಾಯಗಳನ್ನು ಸಿಬ್ಬಂದಿಯ ಪರಿಚಯವಿಲ್ಲದ ಒಬ್ಬರಿಂದ ಕನ್ನಡದಲ್ಲಿ ಸಾರಾಂಶ ಮಾಡಿಸಿ, ಮೂಲ ಹಾಳೆಗಳನ್ನು ಟ್ರಸ್ಟಿಗಳೂ ನೋಡದಂತೆ ಹರಿಸಿ ಹಾಕಿದೆವು.

ಸಭೆಯಲ್ಲಿ ಕಾರ್ಯದರ್ಶಿಗಳು ಅತಿ ಕಡಿಮೆ ಅಂಕದಿಂದಲೇ ಓದಲು ಶುರು ಮಾಡಿದರು. ಬೀರುವಿನಲ್ಲಿಟ್ಟ ಹಳೇ ಹಾಳೆಗಳ ವಿಷಯವನ್ನೂ ಹೇಳಿ, ತಪ್ಪು ನಮ್ಮದು ಎಂದರು. ನಡುವೆ ನಮ್ಮಲ್ಲೇ ಒಬ್ಬ ಟ್ರಸ್ಟಿ "ಇದನ್ನ ಬರೆದವರು ಯಾರು?" ಎಂದು ಕೇಳಿಬಿಟ್ಟರು. ಅಧ್ಯಕ್ಷರು ಅಲ್ಲೇ ತಡೆದರು. ಆದರೂ ಆಮೇಲೆ ಹತ್ತು ನಿಮಿಷ ಯಾರೂ ಮಾತಾಡಲಿಲ್ಲ. ಒಂದು ಪ್ರಶ್ನೆ ಎಷ್ಟು ಹಾನಿ ಮಾಡಬಹುದೆಂದು ಅವತ್ತು ನೋಡಿದೆವು. ಆ ಟ್ರಸ್ಟಿಯವರೇ ಚಹಾ ಹೊತ್ತಿನಲ್ಲಿ ಎಲ್ಲರ ಹತ್ತಿರ ಹೋಗಿ ಮಾತಾಡಿದರು. ಅದೂ ಆಯಿತು.

ಮೌನ ಮುರಿದದ್ದು ಪ್ರಯಾಣ ಭತ್ಯೆಯ ವಿಷಯ. ಇದರಲ್ಲಿ ಹೊರಗಿನ ಕೇಂದ್ರಗಳ ಅಂಕ ತೀರಾ ಕಡಿಮೆಯಿತ್ತು, ಕಾರಣ ನಮಗೆ ತಿಳಿದಿರಲಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆಯೇ ಜಿಲ್ಲಾ ಕೇಂದ್ರವಾಯಿತಲ್ಲ, ಇನ್ನು ಬಳ್ಳಾರಿಗೆ ಹೋಗುವ ಕೆಲಸವಿಲ್ಲ ಎಂದು ಭತ್ಯೆಯ ಪಟ್ಟಿಯಿಂದ ಬಳ್ಳಾರಿಯನ್ನು ತೆಗೆದುಬಿಟ್ಟಿದ್ದೆವು. ಆದರೆ ಸಂಡೂರು, ಕಂಪ್ಲಿ ಇವತ್ತಿಗೂ ಬಳ್ಳಾರಿ ಜಿಲ್ಲೆಯಲ್ಲೇ ಇವೆ. ಅಲ್ಲಿಯವರು ಜಿಲ್ಲಾ ಕಚೇರಿಯ ಕೆಲಸಕ್ಕೆ ಬಳ್ಳಾರಿಗೂ, ನಮ್ಮ ಸಭೆಗೆ ಹೊಸಪೇಟೆಗೂ ಓಡಾಡುತ್ತಾ, ಬಳ್ಳಾರಿಯ ಬಸ್ ಚಾರ್ಜನ್ನು ಕೈಯಿಂದ ಹಾಕುತ್ತಿದ್ದರು. ಅಂಕ ನೋಡಿದರೆ ತೊಂದರೆ ಇದೆ ಎಂದಷ್ಟೇ ಗೊತ್ತಾಗುತ್ತದೆ. ಏನು ತೊಂದರೆ ಎಂಬುದು ಎದುರು ಕೂತು ಕೇಳಿದ ಮೇಲೇ ಗೊತ್ತಾಯಿತು.

ಅವತ್ತು ಮೂರೇ ಮಾತು ಕೊಟ್ಟೆವು. ಪ್ರತಿಯೊಂದಕ್ಕೂ ಯಾರು, ಯಾವಾಗ, ಆಗಿದೆ ಎಂದು ಸಿಬ್ಬಂದಿಗೆ ಹೇಗೆ ತಿಳಿಯಬೇಕು ಎಂದು ಗೋಡೆಗೆ ಬರೆದು ಹಚ್ಚಿದೆವು. ಬಳ್ಳಾರಿ ಪ್ರಯಾಣದ ಭತ್ಯೆಯನ್ನು ಖಜಾಂಚಿಗಳು ಪ್ರತಿ ತಿಂಗಳ 10ನೇ ತಾರೀಕಿನೊಳಗೆ ಖಾತೆಗೆ ಹಾಕಬೇಕು. ಕೇಂದ್ರದಿಂದ ಬರುವ ದೂರನ್ನು ಕಾರ್ಯದರ್ಶಿಗಳು ಒಂದು ಪುಸ್ತಕದಲ್ಲಿ ಬರೆದು ಏಳು ದಿನದೊಳಗೆ ಉತ್ತರ ಕೊಡಬೇಕು. "ಆಗುವುದಿಲ್ಲ" ಎಂಬುದೂ ಉತ್ತರವೇ, ಆದರೆ ಕಾರಣ ಬರೆದಿರಬೇಕು. ಮೂರನೆಯದು, ಕಂಪ್ಲಿಗೆ ಒಂದು ಸ್ಕ್ಯಾನರ್.

ಸಂಬಳದ ವಿಷಯದಲ್ಲಿ ಮಾತು ಕೊಡಲಿಲ್ಲ. ಆ ಪ್ರಶ್ನೆಗೂ ಕಡಿಮೆ ಅಂಕ ಬಂದಿತ್ತು. ಝಕಾತ್ ಹಣವನ್ನು ನಾವು ವಿದ್ಯಾರ್ಥಿಗಳಿಗೇ ಮೀಸಲಿಟ್ಟಿದ್ದೇವೆ, ಸಂಬಳ ಹೋಗುವುದು ಸಾಮಾನ್ಯ ದೇಣಿಗೆಯಿಂದ. ಅದರ ಲೆಕ್ಕದ ಪುಟ ತೆರೆದು ತೋರಿಸಿ, ಈ ವರ್ಷ ಹೆಚ್ಚಿಸಲು ಆಗುವುದಿಲ್ಲ ಎಂದು ಹೇಳಿದೆವು. ಬೇಸರ ಮಾಡಿಕೊಂಡವರಿದ್ದರು, ಅದು ಸಹಜ. ನೋಡೋಣ, ಮಾಡೋಣ ಎಂದಿದ್ದರೆ ಅದು ಮುಂದಿನ ಸಮೀಕ್ಷೆಯಲ್ಲಿ ಇನ್ನೊಂದು 1 ಅಂಕವಾಗಿ ಬರುತ್ತಿತ್ತು.

ಮೂರು ತಿಂಗಳ ನಂತರ ಅದೇ 21 ಜನರನ್ನು ಕರೆದು ಗೋಡೆಯ ಹಾಳೆಯನ್ನು ಮತ್ತೆ ಓದಿದೆವು. ಭತ್ಯೆ ಎರಡು ತಿಂಗಳು ಸರಿಯಾಗಿ ಹೋಗಿತ್ತು, ಒಂದು ತಿಂಗಳು ನಾಲ್ಕು ದಿನ ತಡವಾಗಿತ್ತು. ದೂರಿನ ಪುಸ್ತಕದಲ್ಲಿ 14 ಸಾಲುಗಳಿದ್ದವು, ಎರಡಕ್ಕೆ ಇನ್ನೂ ಉತ್ತರ ಹೋಗಿರಲಿಲ್ಲ. ಕಂಪ್ಲಿಯ ಸ್ಕ್ಯಾನರ್ ಬಂದಿರಲಿಲ್ಲ, ಮಂಜೂರಾತಿಯ ಕಾಗದ ನಮ್ಮ ಸಮಿತಿಯಲ್ಲೇ ಕೂತಿತ್ತು. ಹಾಗೆಂದೇ ಹೇಳಿದೆವು.

ಪುಸ್ತಕದ ಮೊದಲ ಸಾಲು ಬರೆಸಿದವರು ಕಂಪ್ಲಿಯವರೇ: ಅರ್ಜಿ ಹಾಕಿದ ಮೇಲಲ್ಲ, ಅರ್ಜಿ ತೆಗೆದುಕೊಳ್ಳುವ ದಿನವೇ ಆಧಾರ್ ಜೋಡಣೆ ನೋಡಬೇಕು ಎಂದು. ಅದರಂತೆ ಈ ಸಲ ಅರ್ಜಿ ತರುವ ಕುಟುಂಬದವರು ಪಾಸ್‌ಬುಕ್ ಜೊತೆಗೆ, ಖಾತೆಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಬ್ಯಾಂಕಿನಲ್ಲಿ ವಿಚಾರಿಸಿಕೊಂಡು ಬರಬೇಕಾಗಿ ವಿನಂತಿ. ಆಗಿರದಿದ್ದರೂ ಅರ್ಜಿ ತೆಗೆದುಕೊಳ್ಳುತ್ತೇವೆ. ಯಾವ ಕಾಗದ ಹಿಡಿದು ಬ್ಯಾಂಕಿಗೆ ಹೋಗಬೇಕೆಂದು ಕೇಂದ್ರದಲ್ಲೇ ಬರೆದುಕೊಡುತ್ತಾರೆ.